18 ಪದರಗಳ ಮಾದರಿ ಕಲಿಯದೆ ನಿಂತಿದೆ: ಲೇಯರ್ ನಾರ್ಮ್ ಉಪಪದರಕ್ಕೆ ಮೊದಲು ಇರಬೇಕೆ, ಕೂಡಿಸಿದ ಮೇಲೆ ಇರಬೇಕೆ?

ಕಪಿಲಾತೀರ

ಎಲ್ಲರಿಗೂ ನಮಸ್ಕಾರ. ಕನ್ನಡ ಪಠ್ಯದ ಮೇಲೆ ಒಂದು ಚಿಕ್ಕ ಭಾಷಾ ಮಾದರಿಯನ್ನು ಮೊದಲಿನಿಂದ ತರಬೇತುಗೊಳಿಸುತ್ತಿದ್ದೇನೆ. ಅಗಲ 512, ಫೀಡ್ ಫಾರ್ವರ್ಡ್ ಅಗಲ 2048, ಟೋಕನ್‌ಗಳು 16,000, ಆಪ್ಟಿಮೈಸರ್ ಆ್ಯಡಮ್. ಪದರಗಳ ಒಳಗಿನ ತೂಕಗಳಿಗೆಲ್ಲ ಜೇವಿಯರ್ ಆರಂಭ ಕೊಟ್ಟಿದ್ದೇನೆ; ಕೊನೆಯ ಲೀನಿಯರ್ ಪದರವನ್ನು ಮಾತ್ರ ಪೈಟಾರ್ಚ್ ಕೊಡುವಂತೆಯೇ ಬಿಟ್ಟಿದ್ದೇನೆ.

6 ಪದರಗಳಿದ್ದಾಗ ಯಾವ ತೊಂದರೆಯೂ ಇರಲಿಲ್ಲ. ಅದೇ ಕೋಡಿನಲ್ಲಿ ಪದರಗಳನ್ನು 18ಕ್ಕೆ ಏರಿಸಿದಾಗ ಲಾಸ್ 9.8ರಿಂದ ಹೊರಟು 7.4ರ ಹತ್ತಿರ ಬಂದು ಅಲ್ಲಿಯೇ ನಿಂತಿತು. ರಾತ್ರಿಯಿಡೀ ಓಡಿಸಿದರೂ ಅದು ಕದಲಲಿಲ್ಲ. ಲರ್ನಿಂಗ್ ರೇಟಿನ ಗರಿಷ್ಠ ಮಟ್ಟ 7e-4, ವಾರ್ಮಪ್ 400 ಹೆಜ್ಜೆ. ನನ್ನ ಪದರ ಹಳೆಯ ಕ್ರಮದ್ದು, ಅಂದರೆ ಉಪಪದರದ ಫಲವನ್ನು ಮೂಲಕ್ಕೆ ಕೂಡಿಸಿದ ಮೇಲೆ ನಾರ್ಮ್ ಬರುತ್ತದೆ. `norm_first=True` ಎಂದು ಬದಲಿಸಿದರೆ ಸರಿಹೋಗುತ್ತದೆ ಎಂದು ಹಲವರು ಹೇಳಿದ್ದಾರೆ. ಒಂದೇ ಒಂದು ನಾರ್ಮ್‌ನ ಜಾಗ ಬದಲಾದರೆ ಇಷ್ಟು ವ್ಯತ್ಯಾಸ ಏಕೆ ಆಗುತ್ತದೆ ಎಂಬುದನ್ನು ತಿಳಿಯದೆ ಬದಲಿಸಲು ನನಗೆ ಮನಸ್ಸಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಹಳೆಕಡತ

ನಾವು ಹಳೆಯ ಪುಸ್ತಕಗಳ ಪಠ್ಯವನ್ನು ಗಣಕಕ್ಕೆ ಏರಿಸುವ ಕೆಲಸ ಮಾಡುತ್ತೇವೆ, ಅಲ್ಲಿಯೂ ಇದೇ ಪ್ರಶ್ನೆ ಬಂದಿತ್ತು. ನಾರ್ಮಲೈಸೇಷನ್ ಅನ್ನು ಟೋಕನ್ ಮಾಡುವ ಮೊದಲೇ ಮಾಡಬೇಕು. ‘ಕೋ’ ಎಂಬ ಅಕ್ಷರದ ಸ್ವರಚಿಹ್ನೆ ಕೆಲವು ಕಡತಗಳಲ್ಲಿ ಒಂದೇ ಸಂಕೇತವಾಗಿಯೂ ಇನ್ನು ಕೆಲವುಗಳಲ್ಲಿ ಬಿಡಿ ಸಂಕೇತಗಳಾಗಿಯೂ ಇರುತ್ತದೆ. ಕಣ್ಣಿಗೆ ಎರಡೂ ಒಂದೇ, ಆದರೆ ಟೋಕನೈಸರ್‌ಗೆ ಅವು ಬೇರೆ ಬೇರೆ ಪದಗಳು. ನಿಮ್ಮ ಲಾಸ್ ಇಳಿಯದಿರಲು ಅದೂ ಕಾರಣವಿರಬಹುದು.

ಮಲಪ್ರಭಾ

ಹಳೆಕಡತ ಅವರೇ, ನೀವು ಹೇಳಿದ್ದು ಕನ್ನಡ ಪಠ್ಯದ ಮಟ್ಟಿಗೆ ನಿಜವಾದ ತೊಂದರೆಯೇ. ಆದರೆ ಇಲ್ಲಿ ಕೇಳಿರುವುದು ಅಕ್ಷರಗಳ ನಾರ್ಮಲೈಸೇಷನ್ ಕುರಿತಲ್ಲ, ಮಾದರಿಯ ಒಳಗೆ ಹರಿಯುವ ಸಂಖ್ಯೆಗಳ ಅಳತೆಯನ್ನು ಸರಿಪಡಿಸುವ ನಾರ್ಮ್ ಕುರಿತು. ಅದೇ ಪಠ್ಯದಲ್ಲಿ 6 ಪದರಗಳ ಮಾದರಿ ಚೆನ್ನಾಗಿ ಕಲಿತಿದೆ ಎಂದ ಮೇಲೆ ದೋಷ ಪಠ್ಯದಲ್ಲಿಲ್ಲ ಎಂದೇ ತಿಳಿಯಬೇಕು.

ಕಪಿಲಾತೀರ ಅವರೇ, ಕಾರಣದ ಚರ್ಚೆಗೆ ಮೊದಲು ಒಂದು ಪರೀಕ್ಷೆ ಮಾಡಿ. ಸಂಬಂಧವೇ ಇಲ್ಲದ ಎರಡು ವಾಕ್ಯಗಳನ್ನು ನಿಂತುಹೋದ ಮಾದರಿಗೆ ಕೊಟ್ಟು, ಕೊನೆಯ ಟೋಕನ್ನಿನ ಜಾಗದಲ್ಲಿ ಬರುವ ಲಾಜಿಟ್‌ಗಳನ್ನು ಹೋಲಿಸಿ ನೋಡಿ. ಎರಡೂ ಹೆಚ್ಚು ಕಡಿಮೆ ಒಂದೇ ಆಗಿದ್ದರೆ, ಮಾದರಿ ಸಂದರ್ಭವನ್ನು ನೋಡುವುದನ್ನೇ ಬಿಟ್ಟು, ಯಾವ ಟೋಕನ್ ಎಷ್ಟು ಸಲ ಬರುತ್ತದೆ ಎಂಬುದನ್ನು ಮಾತ್ರ ಕಲಿತಿದೆ ಎಂದರ್ಥ. 7.4 ಎಂಬುದು ಅಂಥ ಮಾದರಿಯ ಲಾಸ್‌ನಂತೆ ಕಾಣುತ್ತಿದೆ.

ಅಡಿಕೆತೋಟ

ಇದು ಗ್ರೇಡಿಯಂಟ್ ಮಾಯವಾಗುವ ಹಳೆಯ ಸಮಸ್ಯೆಯೇ. ಕೂಡಿಸಿದ ಮೇಲೆ ನಾರ್ಮ್ ಇಟ್ಟರೆ ನೇರ ದಾರಿ ಪ್ರತಿ ಉಪಪದರದಲ್ಲಿಯೂ ಒಮ್ಮೆ ತುಂಡಾಗುತ್ತದೆ. ಮೂಲದ ವೇರಿಯನ್ಸ್ 1, ಕೂಡಿಸಿದ ಫಲದ ವೇರಿಯನ್ಸ್ 1 ಎಂದುಕೊಂಡರೆ ಮೊತ್ತ 2 ಆಗುತ್ತದೆ. ನಾರ್ಮ್ ಅದನ್ನು √2ರಿಂದ ಭಾಗಿಸುತ್ತದೆ. 18 ಪದರಗಳಲ್ಲಿ 36 ಉಪಪದರಗಳಿವೆ. ನೇರ ದಾರಿಯಲ್ಲಿ ಮೂಲ ಎಂಬೆಡಿಂಗಿನ ಪಾಲು 36 ಸಲ √2ರಿಂದ ಭಾಗವಾದರೆ ಎರಡೂವರೆ ಲಕ್ಷದಲ್ಲಿ ಒಂದು ಪಾಲಿಗೆ ಬಂದು ನಿಲ್ಲುತ್ತದೆ. ಹಿಂದಕ್ಕೆ ಬರುವ ಗ್ರೇಡಿಯಂಟ್‌ನ ಗತಿಯೂ ಅದೇ. ನಾರ್ಮ್ ಅನ್ನು ಒಳಕ್ಕೆ ಹಾಕಿದರೆ ನೇರ ದಾರಿ ಕೆಳಗಿನಿಂದ ಮೇಲಿನವರೆಗೆ ತೆರೆದೇ ಇರುತ್ತದೆ. ಬದಲಿಸಿಬಿಡಿ, ಮುಗಿಯಿತು. ವಾರ್ಮಪ್ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಆ್ಯಡಮ್‌ನ ಎರಡನೆಯ ಸರಾಸರಿ ಮೊದಲ ಕೆಲವು ಹೆಜ್ಜೆಗಳಲ್ಲಿ ನಂಬಲರ್ಹವಲ್ಲವಾದ್ದರಿಂದ ಅದು ಬೇಕಾಗುತ್ತದೆ.

ಮಲಪ್ರಭಾ

ನೇರ ದಾರಿಯ ಲೆಕ್ಕವನ್ನು ನಾನು ಒಪ್ಪುತ್ತೇನೆ. ಉಳಿದ ಎರಡು ಮಾತುಗಳನ್ನು ಪೂರ್ತಿ ಒಪ್ಪಲಾರೆ.

ಮೊದಲು ವಾರ್ಮಪ್. 2020ರಲ್ಲಿ ಷಿಯಾಂಗ್ ಮತ್ತು ಸಂಗಡಿಗರು ಇದೇ ಪ್ರಶ್ನೆಯನ್ನು ಎತ್ತಿಕೊಂಡು, ಆ್ಯಡಮ್ ಬಿಟ್ಟು ಸಾದಾ ಎಸ್‌ಜಿಡಿಯಲ್ಲಿಯೂ, ಕೂಡಿಸಿದ ಮೇಲೆ ನಾರ್ಮ್ ಬರುವ ಪೋಸ್ಟ್ ನಾರ್ಮ್ ಮಾದರಿಗೆ ವಾರ್ಮಪ್ ಬೇಕೇ ಬೇಕು ಎಂದು ತೋರಿಸಿದರು. ಎರಡನೆಯ ಸರಾಸರಿಯೇ ಇಲ್ಲದ ಆಪ್ಟಿಮೈಸರ್‌ಗೂ ವಾರ್ಮಪ್ ಬೇಕಾಗುತ್ತದೆ ಎಂದ ಮೇಲೆ ಕಾರಣವನ್ನು ಆ್ಯಡಮ್ ಒಂದರ ಮೇಲೆಯೇ ಹೊರಿಸಲಾಗದು. ಅವರ ವಿಶ್ಲೇಷಣೆಯ ಪ್ರಕಾರ ಪೋಸ್ಟ್ ನಾರ್ಮ್‌ನಲ್ಲಿ ತರಬೇತಿ ಆರಂಭವಾಗುವಾಗ ಔಟ್‌ಪುಟ್‌ಗೆ ಹತ್ತಿರವಿರುವ ಪದರಗಳ ಗ್ರೇಡಿಯಂಟ್ ದೊಡ್ಡದಾಗಿಯೇ ಇರುತ್ತದೆ, ಮತ್ತು ಪದರಗಳನ್ನು ಎಷ್ಟು ಹೆಚ್ಚಿಸಿದರೂ ಅದು ತಗ್ಗುವುದಿಲ್ಲ. ಉಪಪದರಕ್ಕೆ ಮೊದಲೇ ನಾರ್ಮ್ ಬರುವ ಪ್ರೀ ನಾರ್ಮ್‌ನಲ್ಲಿ ಅದೇ ಗ್ರೇಡಿಯಂಟ್ ಪದರಗಳ ಸಂಖ್ಯೆಯ ವರ್ಗಮೂಲದಷ್ಟು ಚಿಕ್ಕದಾಗುತ್ತದೆ. ಹೀಗಾಗಿ ಮೊದಲ ಹೆಜ್ಜೆಯಿಂದಲೇ ದೊಡ್ಡ ಲರ್ನಿಂಗ್ ರೇಟ್ ಕೊಟ್ಟರೆ ಪೋಸ್ಟ್ ನಾರ್ಮ್‌ನ ಮೇಲಿನ ಪದರಗಳು ಕೆಡುತ್ತವೆ; ಪ್ರೀ ನಾರ್ಮ್ ಅದನ್ನು ತಾಳಿಕೊಳ್ಳುತ್ತದೆ.

2017ರ ಮೂಲ ಟ್ರಾನ್ಸ್‌ಫಾರ್ಮರ್ ಪ್ರಬಂಧದ ಸೂತ್ರವನ್ನು ನೆನಪಿಸಿಕೊಳ್ಳಿ. ಅಗಲ 512, ವಾರ್ಮಪ್ 4000 ಹೆಜ್ಜೆ. ಆ ಎರಡೂ ಸಂಖ್ಯೆಗಳನ್ನು ಸೂತ್ರದಲ್ಲಿ ಇಟ್ಟರೆ ಗರಿಷ್ಠ ಮಟ್ಟ ಸುಮಾರು 7e-4 ಬರುತ್ತದೆ. ಕಪಿಲಾತೀರ ಅವರು ಆ ಗರಿಷ್ಠ ಮಟ್ಟವನ್ನು ಹಾಗೆಯೇ ಉಳಿಸಿಕೊಂಡು ವಾರ್ಮಪ್ ಅನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದ್ದಾರೆ. ಪದರಗಳನ್ನು ಮೂರು ಪಟ್ಟು ಮಾಡಿದ್ದಾರೆ. ಅಂದಿನ ಮಾದರಿಯ ಎನ್‌ಕೋಡರ್‌ನಲ್ಲಿ ಇದ್ದದ್ದು 6 ಪದರ.

ಅಡಿಕೆತೋಟ

ಎಸ್‌ಜಿಡಿ ವಿಷಯ ನನಗೆ ತಿಳಿದಿರಲಿಲ್ಲ. ಆದರೆ ಒಂದು ಅನುಮಾನ ಉಳಿಯುತ್ತದೆ. ಆ್ಯಡಮ್ ಪ್ರತಿ ತೂಕದ ಗ್ರೇಡಿಯಂಟನ್ನು ಅದರದೇ ಗಾತ್ರದಿಂದ ಭಾಗಿಸುತ್ತದೆ. ಹಾಗಿರುವಾಗ ಗ್ರೇಡಿಯಂಟ್ ದೊಡ್ಡದಾದರೇನು, ಚಿಕ್ಕದಾದರೇನು? ಹೆಜ್ಜೆಯ ಅಳತೆ ಒಂದೇ ಅಲ್ಲವೆ?

ಮಲಪ್ರಭಾ

ಸರಿಯಾದ ಜಾಗದಲ್ಲಿ ಹಿಡಿದಿರಿ. ಈ ಪ್ರಶ್ನೆಯೇ ನಿಮ್ಮ ಮೊದಲ ವಿವರಣೆಗೂ ನನ್ನ ವಿವರಣೆಗೂ ಒಟ್ಟಿಗೆ ಅಡ್ಡ ಬರುತ್ತದೆ. ಮಾಯವಾದ ಗ್ರೇಡಿಯಂಟನ್ನು ಆ್ಯಡಮ್ ಬಹುಮಟ್ಟಿಗೆ ಮೇಲೆತ್ತುತ್ತದೆ, ದೊಡ್ಡದನ್ನು ತಗ್ಗಿಸುತ್ತದೆ. ಆದ್ದರಿಂದ ಗಾತ್ರವೊಂದನ್ನೇ ನೋಡುತ್ತ ಕುಳಿತರೆ ಪೂರ್ತಿ ಉತ್ತರ ಸಿಗುವುದಿಲ್ಲ.

2020ರಲ್ಲಿಯೇ ಲಿಯು ಮತ್ತು ಸಂಗಡಿಗರು ಇನ್ನೊಂದು ದಿಕ್ಕಿನಿಂದ ನೋಡಿದರು. ಅನುವಾದದ ಪೋಸ್ಟ್ ನಾರ್ಮ್ ಮಾದರಿಯಲ್ಲಿ ಗ್ರೇಡಿಯಂಟ್ ಮಾಯವಾಗುತ್ತಿದ್ದದ್ದು ಡಿಕೋಡರ್ ಭಾಗದಲ್ಲಿ. ಡಿಕೋಡರನ್ನು ಮಾತ್ರ ಪ್ರೀ ನಾರ್ಮ್‌ಗೆ ಬದಲಿಸಿದಾಗ ಆ ತೊಂದರೆ ನೀಗಿತು, ಆದರೂ ತರಬೇತಿ ಕೈಕೊಟ್ಟಿತು. ಆದ್ದರಿಂದ ಅವರು ಕೇಳಿಕೊಂಡ ಪ್ರಶ್ನೆ ಇದು: ಎಲ್ಲ ತೂಕಗಳೂ ಒಂದು ಹೆಜ್ಜೆಯಲ್ಲಿ ಸ್ವಲ್ಪ ಸ್ವಲ್ಪ ಬದಲಾದಾಗ ಮಾದರಿಯ ಔಟ್‌ಪುಟ್ ಒಟ್ಟು ಎಷ್ಟು ಬದಲಾಗುತ್ತದೆ?

ಕಪಿಲಾತೀರ ಅವರ ಮಾದರಿಯಲ್ಲಿಯೇ ಇದನ್ನು ನೋಡೋಣ. ಪೋಸ್ಟ್ ನಾರ್ಮ್‌ನಲ್ಲಿ ಪ್ರತಿ ಉಪಪದರದ ಬಳಿಕವೂ ಹರಿವಿನ ವೇರಿಯನ್ಸ್ ಮತ್ತೆ 1ಕ್ಕೆ ಬರುತ್ತದೆ. ಹಾಗಾಗಿ ಮೂವತ್ತಾರನೆಯ ಉಪಪದರದ ಮಾತಿಗೂ ಮೊದಲನೆಯದರ ಮಾತಿಗೂ ಅದರದರ ಜಾಗದಲ್ಲಿ ಒಂದೇ ತೂಕ. ಪ್ರತಿಯೊಂದರ ಸಣ್ಣ ಬದಲಾವಣೆಯೂ ಅಷ್ಟೇ ಗಟ್ಟಿಯಾಗಿ ಮುಂದಕ್ಕೆ ಹೋಗಿ, ಒಟ್ಟು ಅಲುಗಾಟ ಉಪಪದರಗಳ ಸಂಖ್ಯೆಯ ಪ್ರಮಾಣದಲ್ಲಿ, ಎಂದರೆ 36ರ ಪ್ರಮಾಣದಲ್ಲಿ, ಬೆಳೆಯುತ್ತದೆ. ಪ್ರೀ ನಾರ್ಮ್‌ನಲ್ಲಿ ಹರಿವು ಎಲ್ಲಿಯೂ ಕುಗ್ಗದೆ ಕೂಡುತ್ತಲೇ ಹೋಗುತ್ತದೆ. ಹಿಂದೆ ಕೂಡಿಬಂದದ್ದು ಹೆಚ್ಚಿದಷ್ಟೂ ಹೊಸದಾಗಿ ಸೇರುವುದರ ಪಾಲು ಕಡಿಮೆ: ಮೊದಲು ಅರ್ಧ, ಆಮೇಲೆ ಮೂರರಲ್ಲಿ ಒಂದು, ನಾಲ್ಕರಲ್ಲಿ ಒಂದು. ಇವುಗಳ ಮೊತ್ತ ಲಾಗರಿದಮ್‌ನಂತೆ ಬೆಳೆಯುತ್ತದೆ. 36ರ ಲಾಗರಿದಮ್ ಸುಮಾರು 3.6. ಈ ಎರಡು ಅಂಕಿಗಳು ಬೆಳವಣಿಗೆಯ ರೀತಿಯನ್ನು ತೋರಿಸುತ್ತವೆಯೇ ಹೊರತು ನಿಖರ ಅಳತೆಯಲ್ಲ. ಆದರೂ 6 ಪದರದಲ್ಲಿ ತಡೆದುಕೊಂಡದ್ದು 18ರಲ್ಲಿ ಏಕೆ ಕುಸಿಯಿತು ಎಂಬುದಕ್ಕೆ ಇದಕ್ಕಿಂತ ಒಪ್ಪತಕ್ಕ ಉತ್ತರ ನನಗೆ ಕಂಡಿಲ್ಲ. ವಾರ್ಮಪ್ ಉಪಯೋಗಕ್ಕೆ ಬರುವುದೂ ಇದಕ್ಕಾಗಿಯೇ: ಹೆಜ್ಜೆ ಚಿಕ್ಕದಾಗಿದ್ದರೆ 36 ಕಡೆಯ ಅಲುಗಾಟವೂ ಒಟ್ಟಾರೆ ಚಿಕ್ಕದಾಗಿ ಉಳಿಯುತ್ತದೆ.

ಕಪಿಲಾತೀರ

ಮೇಡಂ, ನೀವು ಹೇಳಿದ ಪರೀಕ್ಷೆ ಮಾಡಿದೆ. ಮಳೆಯ ಕುರಿತ ಒಂದು ವಾಕ್ಯ, ನ್ಯಾಯಾಲಯದ ಕುರಿತ ಒಂದು ವಾಕ್ಯ ಕೊಟ್ಟೆ. ಲಾಜಿಟ್‌ಗಳು ಮೂರನೆಯ ದಶಮಾಂಶ ಸ್ಥಾನದವರೆಗೆ ಒಂದೇ. ಎರಡೂ ವಾಕ್ಯಗಳಿಗೆ ಮೊದಲ ಸಲಹೆ ಪೂರ್ಣವಿರಾಮ, ಎರಡನೆಯದು ‘ಮತ್ತು’. ಮಾದರಿ ವಾಕ್ಯವನ್ನು ಓದುತ್ತಲೇ ಇಲ್ಲ.

ವಾರ್ಮಪ್ 4000ಕ್ಕೆ ಏರಿಸಿ ಪೋಸ್ಟ್ ನಾರ್ಮ್‌ನಲ್ಲಿಯೇ ಎರಡು ಸಲ ಓಡಿಸಿದೆ, ಬದಲಿಸಿದ್ದು ಸೀಡ್ ಮಾತ್ರ. ಒಂದು ಸಲ ಲಾಸ್ 7.4ನ್ನು ದಾಟಿ ಸರಾಗವಾಗಿ ಇಳಿಯಿತು. ಇನ್ನೊಂದು ಸಲ ಮತ್ತೆ ಅಲ್ಲಿಯೇ ನಿಂತಿತು.

ಬಳಿಕ `norm_first=True` ಮಾಡಿದೆ. ಕಲಿಯುತ್ತಿದೆ, ಆದರೆ ಎರಡು ವಿಚಿತ್ರ ಸಂಗತಿಗಳಿವೆ. ಮೊದಲ ಹೆಜ್ಜೆಯ ಲಾಸ್ 9.8ರ ಬದಲು 11.2 ಇದೆ. ಮುಂದೆ ಆಗಾಗ ಲಾಸ್ ಒಮ್ಮೆಗೇ ಮೇಲೆ ಚಿಮ್ಮಿ ನಿಧಾನವಾಗಿ ಇಳಿಯುತ್ತದೆ. ಹೆಚ್ಚು ಸ್ಥಿರವಾಗಬೇಕಾದದ್ದು ಹೀಗೇಕೆ?

ಮಲಪ್ರಭಾ

ಪದರಗಳನ್ನು ಜೋಡಿಸುವ ಆ ಒಂದೆರಡು ಸಾಲು ಕೋಡನ್ನು ಇಲ್ಲಿ ಹಾಕುತ್ತೀರಾ?

ಕಪಿಲಾತೀರ

```python
layer = nn.TransformerEncoderLayer(512, 8, 2048, norm_first=True, batch_first=True)
body = nn.TransformerEncoder(layer, num_layers=18)
```

ಮುಂದಿನದನ್ನು ನೋಡದಂತೆ ಮರೆಮಾಡುವ ಮಾಸ್ಕನ್ನು ಕರೆಯುವಾಗ ಕೊಡುತ್ತೇನೆ.

ಮಲಪ್ರಭಾ

ಕಾರಣ ಎರಡನೆಯ ಸಾಲಿನಲ್ಲಿದೆ. ಪೋಸ್ಟ್ ನಾರ್ಮ್‌ನಲ್ಲಿ ಕೊನೆಯ ಪದರ ನಾರ್ಮ್‌ನಿಂದಲೇ ಮುಗಿಯುತ್ತದೆ. ಪ್ರೀ ನಾರ್ಮ್‌ನಲ್ಲಿ ನಾರ್ಮ್ ಉಪಪದರದ ಬಾಗಿಲಲ್ಲಿದೆಯೇ ಹೊರತು ಹರಿವಿನ ಮೇಲೆ ಇಲ್ಲ. ಆದ್ದರಿಂದ ಎಲ್ಲ ಪದರಗಳೂ ಮುಗಿದ ಮೇಲೆ ಒಂದು ನಾರ್ಮನ್ನು ಬೇರೆಯಾಗಿ ಇಡಬೇಕು. 2019ರ ಜಿಪಿಟಿ-2ರಲ್ಲಿ ನಾರ್ಮನ್ನು ಉಪಪದರದ ಮೊದಲಿಗೆ ತಂದಾಗಲೇ ಕೊನೆಯಲ್ಲಿ ಹೀಗೊಂದನ್ನು ಸೇರಿಸಿದರು. `nn.TransformerEncoder` ಅದನ್ನು ತಾನಾಗಿ ಸೇರಿಸುವುದಿಲ್ಲ, ನಾವೇ ಕೊಡಬೇಕು:

```python
body = nn.TransformerEncoder(layer, num_layers=18, norm=nn.LayerNorm(512))
```

ನಿಮ್ಮ 11.2 ಎಂಬ ಅಂಕಿಯೇ ಇದನ್ನು ಹೇಳುತ್ತಿದೆ. ಏನೂ ಕಲಿಯದ ಮಾದರಿ 16,000 ಟೋಕನ್‌ಗಳಿಗೂ ಸಮನಾದ ಸಂಭವನೀಯತೆ ಕೊಟ್ಟರೆ ಲಾಸ್ 16,000ದ ಲಾಗರಿದಮ್ ಆಗುತ್ತದೆ, ಅದು 9.68. ಲಾಜಿಟ್‌ಗಳು ಯಾದೃಚ್ಛಿಕವಾಗಿ ಚೆದುರಿದ್ದರೆ, ಅವುಗಳ ವೇರಿಯನ್ಸ್‌ನ ಅರ್ಧದಷ್ಟು ಅದಕ್ಕೆ ಸೇರುತ್ತದೆ. ನಿಮಗೆ ಹೆಚ್ಚಾಗಿ ಬಂದದ್ದು ಸುಮಾರು 1.5, ಆದ್ದರಿಂದ ಲಾಜಿಟ್‌ಗಳ ವೇರಿಯನ್ಸ್ 3. ಪೈಟಾರ್ಚ್‌ನ ಲೀನಿಯರ್ ಪದರ ಆರಂಭದಲ್ಲಿ ಒಳಬಂದ ವೇರಿಯನ್ಸನ್ನು ಮೂರರಲ್ಲಿ ಒಂದು ಪಾಲು ಮಾಡುತ್ತದೆ. ಹಾಗಾದರೆ ಒಳಬಂದ ಹರಿವಿನ ವೇರಿಯನ್ಸ್ 9. ಎಂಬೆಡಿಂಗ್ ತಂದದ್ದು 1 ಎಂದಿಟ್ಟುಕೊಂಡರೆ ಉಳಿದ 8ನ್ನು 36 ಉಪಪದರಗಳು ಸೇರಿ ತಂದಿವೆ, ಒಂದೊಂದು ಸುಮಾರು 0.22. ಕೊನೆಯಲ್ಲಿ ನಾರ್ಮ್ ಇಟ್ಟರೆ 9 ಮತ್ತೆ 1 ಆಗುತ್ತದೆ, ಲಾಜಿಟ್‌ಗಳ ವೇರಿಯನ್ಸ್ 0.33 ಆಗುತ್ತದೆ, ಮೊದಲ ಲಾಸ್ 9.85ರ ಹತ್ತಿರ ಬರಬೇಕು.

ಚಿಮ್ಮುವಿಕೆಗೂ ಇದೇ ಕಾರಣವೆಂದು ನನ್ನ ಊಹೆ. ತರಬೇತಿ ಮುಂದುವರಿದಂತೆ ತೂಕಗಳು ಬೆಳೆಯುತ್ತವೆ, ಹರಿವೂ ಬೆಳೆಯುತ್ತದೆ. ಅದನ್ನು ಕೊನೆಯಲ್ಲಿ ತಡೆಯುವವರಿಲ್ಲದಿದ್ದರೆ ಅಷ್ಟೂ ನೇರವಾಗಿ ಲಾಜಿಟ್‌ಗಳಿಗೆ ಹೋಗುತ್ತದೆ. ಹಿಂದಕ್ಕೆ ಬರುವ ಗ್ರೇಡಿಯಂಟನ್ನು ಆ ಕೊನೆಯ ನಾರ್ಮ್ ಹರಿವಿನ ಗಾತ್ರದಿಂದ, ನಿಮ್ಮಲ್ಲಿ 3ರಿಂದ, ಭಾಗಿಸುತ್ತಿತ್ತು. ನಾನು ಮೇಲೆ ಹೇಳಿದ ವರ್ಗಮೂಲದ ಲಾಭ ಬರುವುದೂ ಆ ನಾರ್ಮ್‌ನಿಂದಲೇ. ಅದನ್ನು ಬಿಟ್ಟರೆ ಪ್ರೀ ನಾರ್ಮ್‌ನ ಅರ್ಧ ಪ್ರಯೋಜನವನ್ನು ಕೈಬಿಟ್ಟಂತೆ.

ಬಿಳಿಜೋಳ

ಎಲ್ಲರೂ ಪ್ರೀ ನಾರ್ಮ್ ಕಡೆಗೆ ವಾಲುತ್ತಿರುವುದರಿಂದ ನನ್ನ ಅನುಭವವನ್ನೂ ಬರೆಯುತ್ತೇನೆ. ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸುವ 6 ಪದರಗಳ ಮಾದರಿಯನ್ನು ಎರಡೂ ರೀತಿಯಲ್ಲಿ ಮಾಡಿದ್ದೆ. ಪ್ರೀ ನಾರ್ಮ್ ಮೊದಲು ಬೇಗ ಮುಂದೆ ಹೋಯಿತು, ಯಾವ ಸೀಡ್ ಕೊಟ್ಟರೂ ನಿಲ್ಲಲಿಲ್ಲ. ಆದರೆ ಕೊನೆಯಲ್ಲಿ, ಸಾಕಷ್ಟು ವಾರ್ಮಪ್ ಪಡೆದು ಉಳಿದುಕೊಂಡ ಪೋಸ್ಟ್ ನಾರ್ಮ್ ಮಾದರಿಯ ಅನುವಾದವೇ ನನಗೆ ಹೆಚ್ಚು ಒಪ್ಪಿಗೆಯಾಯಿತು. ದೀರ್ಘ ವಾಕ್ಯಗಳಲ್ಲಿ ಕ್ರಿಯಾಪದ ತಪ್ಪುವುದು ಅದರಲ್ಲಿ ಕಡಿಮೆಯಿತ್ತು. ಸ್ಥಿರತೆ ಬೇರೆ, ಕೊನೆಯ ಗುಣಮಟ್ಟ ಬೇರೆ. 6 ಪದರಕ್ಕೆ ಪೋಸ್ಟ್ ನಾರ್ಮ್ ಸಾಕು ಎಂಬುದು ನನ್ನ ನಿಲುವು.

ಅಡಿಕೆತೋಟ

ಒಂದೊಂದು ಸಲ ಮಾತ್ರ ಓಡಿಸಿ ಹೋಲಿಸಿದ್ದರೆ ಅದು ಸೀಡ್‌ನ ಆಟವೂ ಆಗಿರಬಹುದಲ್ಲವೆ?

ಬಿಳಿಜೋಳ

ಎರಡೆರಡು ಸಲ ಓಡಿಸಿದ್ದೆ. ಅದು ಸಾಲದು ಎಂದರೆ ವಾದಿಸಲಾರೆ.

ಮಲಪ್ರಭಾ

ಬಿಳಿಜೋಳ ಅವರ ಅನುಭವವನ್ನು ತಳ್ಳಿಹಾಕಬಾರದು, ಅದಕ್ಕೆ ಮೇಲಿನ ಲೆಕ್ಕದಲ್ಲಿಯೇ ಆಧಾರವಿದೆ. ಕಪಿಲಾತೀರ ಅವರ ಪ್ರೀ ನಾರ್ಮ್ ಮಾದರಿಯಲ್ಲಿ ಕೊನೆಯ ಉಪಪದರ 9ರ ಹರಿವಿಗೆ 0.22 ಸೇರಿಸುತ್ತದೆ, ಎಂದರೆ ನೂರಕ್ಕೆ ಎರಡೂವರೆಯಷ್ಟು. ಪೋಸ್ಟ್ ನಾರ್ಮ್‌ನಲ್ಲಿ ಅದೇ 0.22 ಸೇರುವುದು 1ಕ್ಕೆ, ಎಂದರೆ ನೂರಕ್ಕೆ ಹದಿನೆಂಟು. ಪೋಸ್ಟ್ ನಾರ್ಮನ್ನು ಅಲುಗಾಡಿಸುವ ಗುಣವೇ ಅದರ ಮೇಲಿನ ಪದರಗಳಿಗೆ ಕೆಲಸವನ್ನೂ ಕೊಡುತ್ತದೆ. ಪ್ರೀ ನಾರ್ಮ್‌ನಲ್ಲಿ ಆಳ ಹೆಚ್ಚಿದಂತೆ ಮೇಲಿನ ಪದರಗಳು ತಮಗೆ ಬಂದದ್ದನ್ನು ಹೆಚ್ಚು ಬದಲಿಸದೆ ದಾಟಿಸಿಬಿಡುತ್ತವೆ, ಅವುಗಳಿಗೆ ಸಿಗುವ ಗ್ರೇಡಿಯಂಟ್ ಕೆಳಗಿನ ಪದರಗಳಿಗಿಂತ ಚಿಕ್ಕದು. ಇದು ಆರಂಭದ ಸ್ಥಿತಿಯ ಲೆಕ್ಕ ಎಂಬುದನ್ನು ಮರೆಯಬಾರದು. ತರಬೇತಿಯಲ್ಲಿ ಮೇಲಿನ ಪದರಗಳು ತೂಕ ಬೆಳೆಸಿಕೊಂಡು ಸ್ವಲ್ಪ ಮಟ್ಟಿಗೆ ಸರಿದೂಗಿಸಿಕೊಳ್ಳಬಹುದು. ಎಷ್ಟರ ಮಟ್ಟಿಗೆ ಎಂಬುದನ್ನು ಅಳೆದೇ ನೋಡಬೇಕು.

ಎರಡರ ನಡುವೆ ದಾರಿ ಹುಡುಕಿದವರೂ ಇದ್ದಾರೆ. 2022ರ ಡೀಪ್‌ನೆಟ್ ಪೋಸ್ಟ್ ನಾರ್ಮ್‌ನ ಕ್ರಮವನ್ನೇ ಉಳಿಸಿಕೊಂಡು, ಕೂಡಿಸುವ ಮೊದಲು ಮೂಲವನ್ನು ಒಂದು ಸ್ಥಿರಸಂಖ್ಯೆಯಿಂದ ಗುಣಿಸುತ್ತದೆ ಮತ್ತು ಕೆಲವು ತೂಕಗಳನ್ನು ಆರಂಭದಲ್ಲಿ ಕುಗ್ಗಿಸುತ್ತದೆ. ಅದರಿಂದ 1,000 ಪದರಗಳವರೆಗೆ ತರಬೇತಿ ಮಾಡಿ ತೋರಿಸಿದರು. ಡಿಕೋಡರ್ ಮಾತ್ರ ಇರುವ N ಪದರಗಳ ಮಾದರಿಗೆ ಗುಣಕ (2N)^(1/4), ಕುಗ್ಗಿಸುವ ಅಂಶ (8N)^(-1/4). ನಿಮ್ಮ 18 ಪದರಕ್ಕೆ ಲೆಕ್ಕ ಹಾಕಿದರೆ 2.45 ಮತ್ತು 0.29.

```python
x = norm(2.45 * x + sublayer(x))
```

0.29ನ್ನು ಜೇವಿಯರ್‌ನ ಗೇನ್ ಆಗಿ ಕೊಡಬೇಕು, ಅದೂ ಫೀಡ್ ಫಾರ್ವರ್ಡ್‌ನ ಎರಡು ತೂಕಗಳಿಗೆ ಮತ್ತು ಅಟೆನ್ಷನ್‌ನ ವ್ಯಾಲ್ಯೂ, ಔಟ್‌ಪುಟ್ ತೂಕಗಳಿಗೆ ಮಾತ್ರ. ಕ್ವೆರಿ ಮತ್ತು ಕೀ ತೂಕಗಳನ್ನು ಹಾಗೆಯೇ ಬಿಡಬೇಕು. ಪೈಟಾರ್ಚ್‌ನಲ್ಲಿ ಕ್ವೆರಿ, ಕೀ, ವ್ಯಾಲ್ಯೂ ಮೂರೂ `in_proj_weight` ಎಂಬ ಒಂದೇ ಮ್ಯಾಟ್ರಿಕ್ಸ್‌ನಲ್ಲಿ ಇರುವುದರಿಂದ ಕೊನೆಯ 512 ಸಾಲುಗಳನ್ನಷ್ಟೇ ಬೇರೆಯಾಗಿ ಕುಗ್ಗಿಸಬೇಕು. ಅಲ್ಲಿ ತಪ್ಪುವವರು ಹೆಚ್ಚು.

ಅಡಿಕೆತೋಟ

ಹಾಗಾದರೆ ಈಚಿನ ದೊಡ್ಡ ಮಾದರಿಗಳು ಏನು ಮಾಡುತ್ತಿವೆ? ನಾನು ಎಲ್ಲವೂ ಪ್ರೀ ನಾರ್ಮ್ ಎಂದೇ ತಿಳಿದಿದ್ದೆ.

ಮಲಪ್ರಭಾ

ಬಹುಪಾಲು ಹೌದು, ಲಾಮಾ ಆರ್‌ಎಂಎಸ್ ನಾರ್ಮ್ ಬಳಸಿದರೂ ಅದರ ಜಾಗ ಪ್ರೀ ನಾರ್ಮ್‌ನದೇ. ಆದರೆ ಎಲ್ಲವೂ ಅಲ್ಲ. ಜೆಮ್ಮಾ 2 ಉಪಪದರದ ಒಳಬಾಗಿಲಲ್ಲಿ ಒಂದು, ಹೊರಬಾಗಿಲಲ್ಲಿ ಒಂದು ನಾರ್ಮ್ ಇಟ್ಟಿದೆ. ಓಲ್ಮೊ 2 ಒಳಬಾಗಿಲಿನದನ್ನು ತೆಗೆದು ಹೊರಬಾಗಿಲಿನದನ್ನು ಮಾತ್ರ ಉಳಿಸಿಕೊಂಡಿದೆ. ಎರಡರಲ್ಲಿಯೂ ನಾರ್ಮ್ ಕೂಡುವುದಕ್ಕೆ ಮೊದಲೇ ಬರುವುದರಿಂದ ನೇರ ದಾರಿ ತೆರೆದೇ ಇರುತ್ತದೆ. 2017ರ ಪೋಸ್ಟ್ ನಾರ್ಮ್ ಜೊತೆ ಇವನ್ನು ಬೆರೆಸಬಾರದು. ಒಂದೇ ಹೆಸರಿನಿಂದ ಎರಡನ್ನೂ ಕರೆಯುವುದು ಈಗ ರೂಢಿಗೆ ಬಂದು ಬಹಳ ಗೊಂದಲವಾಗಿದೆ.

ಕಪಿಲಾತೀರ

ಕೊನೆಯ ನಾರ್ಮ್ ಸೇರಿಸಿದೆ. ಮೊದಲ ಹೆಜ್ಜೆಯ ಲಾಸ್ 9.86. ಮೇಡಂ ಕಾಗದದ ಮೇಲೆ ಹಾಕಿದ ಲೆಕ್ಕ ಪರದೆಯ ಮೇಲೆ ಹಾಗೆಯೇ ಕಂಡಾಗ ಬಹಳ ಸಂತೋಷವಾಯಿತು. ವಾರ್ಮಪ್ 400ಕ್ಕೇ ಇಳಿಸಿ ಮೂರು ಸೀಡ್‌ಗಳಲ್ಲಿ ಓಡಿಸಿದೆ; ಮೂರೂ ಕಲಿಯುತ್ತಿವೆ, ಚಿಮ್ಮುವಿಕೆ ಈವರೆಗೆ ಒಮ್ಮೆ ಮಾತ್ರ ಬಂದಿದೆ. ಆ ಒಂದು ಏಕೆ ಬಂತೆಂದು ತಿಳಿದಿಲ್ಲ.

ಬಿಳಿಜೋಳ ಅವರ ಮಾತು ಮನಸ್ಸಿನಲ್ಲಿದ್ದುದರಿಂದ ಇನ್ನೊಂದು ಪ್ರಯೋಗ ಮಾಡಿದೆ. ಕಲಿತ 18 ಪದರಗಳ ಮಾದರಿಯಿಂದ ಒಂದೊಂದೇ ಪದರವನ್ನು ತೆಗೆದು, ಮತ್ತೆ ತರಬೇತಿ ಕೊಡದೆ, ಬೇರೆ ಇಟ್ಟಿದ್ದ ಪಠ್ಯದ ಮೇಲೆ ಲಾಸ್ ಅಳೆದೆ. ಮೊದಲ ಪದರವನ್ನು ತೆಗೆದರೆ ಮಾದರಿ ಪೂರ್ತಿ ಕೆಡುತ್ತದೆ. 13ರಿಂದ 16ರವರೆಗಿನ ಯಾವ ಒಂದನ್ನು ತೆಗೆದರೂ ಲಾಸ್ ಎರಡನೆಯ ದಶಮಾಂಶ ಸ್ಥಾನದಲ್ಲಿ ಮಾತ್ರ ಬದಲಾಗುತ್ತದೆ. 18ನೆಯದನ್ನು ತೆಗೆದರೆ ಮತ್ತೆ ಗಣನೀಯವಾಗಿ ಏರುತ್ತದೆ.

ಬಿಳಿಜೋಳ

ಅಂದರೆ ಆ ನಾಲ್ಕು ಪದರಗಳಿಗೆ ಕೊಟ್ಟ ವಿದ್ಯುತ್ತು ದಂಡವಾಯಿತೇ? ವಾರ್ಮಪ್ 4000 ಕೊಟ್ಟಾಗ ಉಳಿದುಕೊಂಡ ಆ ಒಂದು ಪೋಸ್ಟ್ ನಾರ್ಮ್ ಮಾದರಿಯಲ್ಲಿ ಇದೇ ಪರೀಕ್ಷೆ ಮಾಡಿ ನೋಡಿ. ಅಲ್ಲಿ ನಡುವಿನ ಪದರಗಳನ್ನು ತೆಗೆದರೆ ಲಾಸ್ ಜೋರಾಗಿ ಏರುತ್ತದೆ ಎಂದು ನನ್ನ ನಿರೀಕ್ಷೆ.

ಮಲಪ್ರಭಾ

ಏರುವುದು ಖಂಡಿತ, ಆದರೆ ಅದನ್ನು ಓದುವಾಗ ಎಚ್ಚರವಿರಲಿ. ಪೋಸ್ಟ್ ನಾರ್ಮ್‌ನಲ್ಲಿ ಪ್ರತಿ ಪದರವೂ ತನ್ನ ಹಿಂದಿನದರ ನಾರ್ಮ್ ಕೊಟ್ಟ ಗೇನ್ ಮತ್ತು ಬಯಾಸ್‌ಗೆ ಹೊಂದಿಕೊಂಡು ಕಲಿತಿರುತ್ತದೆ. ಒಂದನ್ನು ಕಿತ್ತರೆ ಮುಂದಿನದಕ್ಕೆ ಹೊಂದದ ಹರಿವು ಬರುತ್ತದೆ. ಆಗ ಏರಿದ ಲಾಸ್‌ನಲ್ಲಿ ಪದರ ಮಾಡುತ್ತಿದ್ದ ಕೆಲಸ ಎಷ್ಟು, ಹೊಂದಾಣಿಕೆ ತಪ್ಪಿದ್ದರ ಪಾಲು ಎಷ್ಟು ಎಂದು ಬಿಡಿಸಲಾಗದು. ಅದಕ್ಕಿಂತ 12 ಪದರಗಳ ಪ್ರೀ ನಾರ್ಮ್ ಮಾದರಿಯನ್ನು ಅಷ್ಟೇ ಟೋಕನ್‌ಗಳ ಮೇಲೆ ಬೇರೆಯಾಗಿ ತರಬೇತು ಮಾಡಿ 18ರ ಜೊತೆ ಹೋಲಿಸುವುದು ನೇರವಾದ ದಾರಿ. ಎರಡರ ಲಾಸ್ ಬಹಳ ಹತ್ತಿರ ಬಂದರೆ ಡೀಪ್‌ನೆಟ್‌ನ ಕ್ರಮವನ್ನು ಪ್ರಯತ್ನಿಸಲು ಕಾರಣ ಸಿಕ್ಕಂತಾಗುತ್ತದೆ.

ಕಪಿಲಾತೀರ

12 ಪದರದ್ದನ್ನು ಇಂದು ಸಂಜೆ ಹಚ್ಚಿದ್ದೇನೆ. 2.45 ಮತ್ತು 0.29ರ ಮಾದರಿ ಅದರ ಹಿಂದೆ ಸಾಲಿನಲ್ಲಿದೆ. `in_proj_weight`ನ ಕೊನೆಯ 512 ಸಾಲುಗಳನ್ನು ಮಾತ್ರ ಕುಗ್ಗಿಸಿದ್ದೇನೆಂದು ಮೂರು ಭಾಗಗಳ ಸ್ಟ್ಯಾಂಡರ್ಡ್ ಡೀವಿಯೇಷನ್ನನ್ನು ಬೇರೆ ಬೇರೆಯಾಗಿ ಮುದ್ರಿಸಿ ನೋಡಿಕೊಂಡೆ. ಎರಡೂ ಮುಗಿದ ಮೇಲೆ ಮೂರರ ಲಾಸ್ ರೇಖೆಗಳನ್ನು ಇಲ್ಲಿಯೇ ಹಾಕುತ್ತೇನೆ.